ಗುಲ್ಷನ್ ತಿದ್ದಿದ ಉತ್ತರಪತ್ರಿಕೆ

ದಾವಣಗೆರೆಯ ಹಳೆಯ ಮನೆಗಳ ಗೋಡೆಗಳಲ್ಲಿರುವ ಕಪ್ಪು-ಬಿಳುಪು ಮದುವೆ ಫೋಟೊಗಳನ್ನು ನೋಡಿದರೆ ಆ ಊರಿನಲ್ಲಿ ಯಾರಿಗೂ ಎಂದೂ ಸಿಡುಬು ಬಂದಿರಲೇ ಇಲ್ಲ ಅನ್ನಿಸುತ್ತದೆ. ಮದುಮಕ್ಕಳ ಕೆನ್ನೆಗಳೆಲ್ಲ ತೊಳೆದಿಟ್ಟ ತಟ್ಟೆಯಂತೆ ನುಣುಪಾಗಿವೆ. ಅವರಲ್ಲಿ ಅರ್ಧಕ್ಕರ್ಧ ಜನರ ಮುಖದಲ್ಲಿ ಕಲೆಗಳಿದ್ದವು. ಅವನ್ನು ಒಂದೊಂದಾಗಿ ಅಳಿಸಿದವಳು ಗುಲ್ಷನ್.

ಆಕೆಯ ತಂದೆ ಹಯಾತ್ ಸಾಬ್ ಮಂಡಿಪೇಟೆಯ ಓಣಿಯೊಂದರಲ್ಲಿ ಸ್ಟುಡಿಯೊ ಇಟ್ಟಿದ್ದರು. ಮನೆ ಆನೆಕೊಂಡದಲ್ಲಿ. ಏಳನೆಯ ವಯಸ್ಸಿನಲ್ಲಿ ಗುಲ್ಷನ್‌ಗೆ ಸಿಡುಬು ಬಂದು ಹೋಯಿತು, ಮುಖದ ತುಂಬ ಗುರುತು ಬಿಟ್ಟು ಹೋಯಿತು. ಹನ್ನೆರಡಕ್ಕೆ ತಂದೆ ಅವಳ ಕೈಗೆ ಪೆನ್ಸಿಲ್ ಕೊಟ್ಟರು. ಕಿಟಕಿಯ ಬಳಿ ಓರೆಯಾಗಿ ನಿಲ್ಲಿಸಿದ ಒಂದು ಮರದ ಚೌಕಟ್ಟು, ಅದರಲ್ಲಿ ಮಂಜುಗಾಜು, ಕೆಳಗೆ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಅದಕ್ಕೆ ತೆಳುವಾಗಿ ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಗಟ್ಟಿ ಸೀಸದ ಪೆನ್ಸಿಲ್ಲಿನಿಂದ ಮುಟ್ಟಿಯೂ ಮುಟ್ಟದ ಹಾಗೆ ಚುಕ್ಕೆ ಇಡಬೇಕು. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಆ ತಿಳಿ ಜಾಗವನ್ನು ಪೆನ್ಸಿಲ್ ತುಂಬಿಸಿದರೆ ಪ್ರಿಂಟ್ ಹಾಕುವಾಗ ಅಲ್ಲಿ ಬೆಳಕು ಕಡಿಮೆ ಹಾಯುತ್ತದೆ, ಕಲೆ ಮಾಯವಾಗುತ್ತದೆ. ಪ್ರಿಂಟ್ ಬಂದ ಮೇಲೆ ಅದರಲ್ಲಿ ಬಿಳಿ ಚುಕ್ಕೆ ಉಳಿದಿದ್ದರೆ ನಾಲ್ಕೆಳೆ ಕೂದಲಿನ ಬ್ರಷ್ ತೆಗೆದುಕೊಂಡು ಕಪ್ಪು ಬಣ್ಣದಲ್ಲಿ ಮುಚ್ಚುವುದು. ಇಷ್ಟೇ ಕೆಲಸ. ಇದನ್ನು ಗುಲ್ಷನ್ ಇಪ್ಪತ್ತೆಂಟು ವರ್ಷ ಮಾಡಿದ್ದಳು.

ಅವಳ ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಗಂಡಿನ ಕಡೆಯವರು ಫೋಟೊ ನೋಡಿ ಒಪ್ಪಿದರು, ಮನೆಗೆ ಬಂದು ಮುಖ ನೋಡಿ ಹಿಂದಿರುಗಿದರು. ಫೋಟೊವನ್ನು ಅವಳೇ ತಿದ್ದಿದ್ದಳು. ಈ ಬಗ್ಗೆ ಕೇಳಿದವರಿಗೆ ಆಕೆ, ಕೆಲಸದಲ್ಲಿ ತಪ್ಪಿರಲಿಲ್ಲ, ಅವರು ಹೋಲಿಸಿ ನೋಡಿದ್ದು ತಪ್ಪು ಎಂದು ಹೇಳುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ತಮ್ಮ ಮುನಾಫ್ ಸ್ಟುಡಿಯೊ ನಡೆಸಿದ. ಅವನು ಫೋಟೊ ತೆಗೆಯುವುದು, ಇವಳು ಮನೆಯಲ್ಲಿ ಕೂತು ತಿದ್ದುವುದು. ಅಂಗಡಿಗೆ ಅವಳು ಬರುತ್ತಿರಲಿಲ್ಲ. ಅಂಗಡಿಗೆ ಬರುವ ಜನರಿಗೆ ಹೀಗೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮುನಾಫ್ ಮೂರು ನೆಗೆಟಿವ್ ತಂದುಕೊಟ್ಟ. ಅವು ಯಾವ ಮುಖದವೂ ಆಗಿರಲಿಲ್ಲ, ಯಾರೋ ಬರೆದ ಕಾಗದದವು. ಎಂಟು-ಹತ್ತು ಅಂಗುಲದ ಅಳತೆಯಲ್ಲಿ ಮೂರು ಮೂರು ಪ್ರತಿ ಬೇಕಂತೆ, ವಕೀಲರ ಕೆಲಸವಂತೆ, ಚೆನ್ನಾಗಿ ಬರಬೇಕಂತೆ ಎಂದಷ್ಟೇ ಹೇಳಿ ಹೋದ.

ಆ ಕಾಗದದ ಹಿಂದಿನ ಕತೆ ಹೀಗಿತ್ತು. ಹದಡಿಯ ಹನುಮಂತಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಇಪ್ಪತ್ತು ವರ್ಷದಿಂದ ಮಗ್ಗಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು. ಮೇಲ್ವಿಚಾರಕನಾಗಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆ ನಡೆಸುತ್ತಿದ್ದದ್ದು ಹರಿಹರದಲ್ಲಿ ಒಂದು ಮಹಡಿಯ ಮೇಲೆ ಎರಡು ಕೋಣೆಯಲ್ಲಿದ್ದ ಖಾಸಗಿ ಜವಳಿ ಪರೀಕ್ಷಾ ಮಂಡಳಿ. ನಲವತ್ತಾರನೆಯ ವಯಸ್ಸಿನಲ್ಲಿ ಹನುಮಂತಪ್ಪ ಪರೀಕ್ಷೆಗೆ ಕೂತ. ಪಾಸಾಗಲು ನಲವತ್ತು ಅಂಕ ಬೇಕಿತ್ತು, ಅವನಿಗೆ ಮೂವತ್ತೇಳು ಬಂತು. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ ಹರಿಹರಕ್ಕೆ ಹೋದ. ಅಲ್ಲಿ ಮೇಜಿನ ಆಚೆಯಿಂದ ಉತ್ತರಪತ್ರಿಕೆಯ ರಕ್ಷಾಪುಟ ಮಾತ್ರ ತೋರಿಸಿದರು. ಅಂಕಗಳ ಪಟ್ಟಿಯಲ್ಲಿ ಐದನೆಯ ಪ್ರಶ್ನೆಯ ಎದುರಿಗಿದ್ದ ಚೌಕ ಖಾಲಿ ಇತ್ತು. ಐದನೆಯ ಪ್ರಶ್ನೆ, ಮಗ್ಗದಲ್ಲಿ ನೂಲು ಪದೇಪದೇ ಕಡಿಯಲು ಕಾರಣಗಳೇನು ಎಂಬುದು. ಹತ್ತು ಅಂಕದ್ದು. ಇಪ್ಪತ್ತು ವರ್ಷ ಅವನು ದಿನಾ ಕಂಡದ್ದು ಅದನ್ನೇ. ಒಂದೂವರೆ ಪುಟ ಬರೆದಿದ್ದ.

ಮಂಡಳಿಯ ಕಾರ್ಯದರ್ಶಿ ಬಕ್ಕೇಶಪ್ಪನವರು ಲಿಖಿತ ಉತ್ತರ ಕೊಟ್ಟರು. ಹತ್ತನೆಯ ಪುಟದ ಅಂಚಿನಲ್ಲಿ ಸದರಿ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ ಸೊನ್ನೆ ಕೊಡಲಾಗಿದೆ. ಸೊನ್ನೆಯನ್ನು ಕೂಡಿದರೂ ಮೊತ್ತ ಬದಲಾಗದ ಕಾರಣ ರಕ್ಷಾಪುಟದಲ್ಲಿ ನಮೂದಿಸಿಲ್ಲ. ಹನುಮಂತಪ್ಪ ಒಪ್ಪಲಿಲ್ಲ. ಮಂಡಳಿಯ ನಿಯಮದಲ್ಲಿ ಇಂಥ ತಕರಾರಿಗೆ ಒಬ್ಬ ತೀರ್ಪುಗಾರರು ಎಂದಿತ್ತು. ಅದಕ್ಕೆ ಎಂ.ಸಿ.ಸಿ. ಬಡಾವಣೆಯ ಎ ಬ್ಲಾಕಿನ ವಕೀಲ ಪಂಚಾಕ್ಷರಪ್ಪನವರು ನೇಮಕವಾದರು. ಆದರೆ ಅದೇ ನಿಯಮದಲ್ಲಿ ಉತ್ತರಪತ್ರಿಕೆ ಹರಿಹರದ ಕಚೇರಿ ಬಿಟ್ಟು ಹೊರಗೆ ಹೋಗತಕ್ಕದ್ದಲ್ಲ ಎಂದೂ ಇತ್ತು. ತೀರ್ಪುಗಾರರು ದಾವಣಗೆರೆ ಬಿಟ್ಟು ಹರಿಹರಕ್ಕೆ ಹೋಗಬೇಕೆಂದು ಮಾತ್ರ ಎಲ್ಲಿಯೂ ಇರಲಿಲ್ಲ. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಪಂಚಾಕ್ಷರಪ್ಪನವರು ಎರಡು ದಿನ ಯೋಚಿಸಿ, ರಕ್ಷಾಪುಟ, ಐದನೆಯ ಉತ್ತರದ ಎರಡು ಪುಟ, ಹೀಗೆ ತಕರಾರಿನ ಮೂರು ಪುಟಗಳ ಫೋಟೊ ತೆಗೆಸಿ ಹಾಜರುಪಡಿಸತಕ್ಕದ್ದು, ವಿಚಾರಣೆಯಲ್ಲಿ ಆ ಫೋಟೊಗಳೇ ದಾಖಲೆ ಎಂದು ಆದೇಶ ಮಾಡಿದರು. ಮುನಾಫ್ ಕ್ಯಾಮರಾ, ಮುಕ್ಕಾಲಿ ಹೊತ್ತು ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ಕಚೇರಿಯ ವರಾಂಡದಲ್ಲಿ ಪುಟಗಳನ್ನು ಹಲಗೆಗೆ ಒತ್ತಿ ಹಿಡಿಸಿ, ಮೂರು ಫೋಟೊ ತೆಗೆದ.

ಗುಲ್ಷನ್ ಆ ನೆಗೆಟಿವ್‌ಗಳನ್ನು ಗಾಜಿನ ಮೇಲಿಟ್ಟು ನೋಡಿದಳು. ಅವಳಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಅಕ್ಷರ ಕೂಡಿಸಿ ಓದುವಷ್ಟು. ಓದಲು ಹೋಗಲೂ ಇಲ್ಲ. ಮುಖ ತಿದ್ದುವಾಗ ಅವರ ಹೆಸರೇನೆಂದು ಕೇಳುತ್ತಾಳೆಯೇ? ಒಂದು ಪುಟದ ಅಂಚಿನಲ್ಲಿ ಕಡಲೆಕಾಳಿನಷ್ಟು ಅಗಲದ ಒಂದು ಉಂಗುರದ ಕಲೆ ಕಾಣಿಸಿತು. ಪೆನ್ಸಿಲ್ ಹಿಡಿದು ಮುಕ್ಕಾಲು ಗಂಟೆಯಲ್ಲಿ ಅದನ್ನು ಅಳಿಸಿದಳು. ಪ್ರಿಂಟ್ ಬಂದಾಗ ಅದೇ ಪುಟದ ನಡುವೆ ಐದಾರು ಸಾಲು ತೀರ ಮಸುಕಾಗಿದ್ದವು. ಹೀಗೆ ಕೊಟ್ಟರೆ ವಕೀಲರು ಸ್ಟುಡಿಯೊದ ಹೆಸರು ಕೆಡಿಸುತ್ತಾರೆಂದು ಬ್ರಷ್ ತೆಗೆದುಕೊಂಡು, ಮಸುಕಾದ ಅಕ್ಷರಗಳನ್ನು ಎಲ್ಲಿ ಕಂಡವೋ ಅಲ್ಲಿ ಕಂಡ ಹಾಗೆ ಕಪ್ಪು ಮಾಡಿದಳು. ಮೂರು ಪ್ರತಿಯನ್ನೂ ಬೇರೆ ಬೇರೆಯಾಗಿ, ಕೈಯಿಂದಲೇ. ಮದುವೆ ಫೋಟೊಗಿಂತ ಹೆಚ್ಚು ಶ್ರಮ ಹಿಡಿಯಿತು. ಮುನಾಫ್ ಅವನ್ನು ನೋಡಿ, ಅಚ್ಚು ಹಾಕಿದಂಗೆ ಬಂದೈತೆ ಆಪಾ ಎಂದು ಮೆಚ್ಚಿಕೊಂಡ. ಒಂದು ಪ್ರತಿ ಮಂಡಳಿಗೆ, ಒಂದು ಹನುಮಂತಪ್ಪನಿಗೆ, ಒಂದು ಪಂಚಾಕ್ಷರಪ್ಪನವರಿಗೆ ಹೋಯಿತು.

ಮೊದಲ ವಿಚಾರಣೆ ಪಂಚಾಕ್ಷರಪ್ಪನವರ ಮನೆಯ ಪಡಸಾಲೆಯಲ್ಲಿ ನಡೆಯಿತು. ಬಕ್ಕೇಶಪ್ಪನವರು ಕನ್ನಡಕ ಹಾಕಿಕೊಂಡು ಹತ್ತನೆಯ ಪುಟದ ಫೋಟೊ ನೋಡಿದರು. ಕನ್ನಡಕ ತೆಗೆದು ನೋಡಿದರು. ಸೊನ್ನೆ ಇರಲಿಲ್ಲ. ಹರಿಹರದ ಕಚೇರಿಯಲ್ಲಿ ಅದೇ ಬೆಳಿಗ್ಗೆ ತಾವು ಕಣ್ಣಾರೆ ಕಂಡು ಬಂದ ಸೊನ್ನೆ ಫೋಟೊದಲ್ಲಿ ಎಲ್ಲಿ ಹೋಯಿತು? ಹನುಮಂತಪ್ಪನಿಗೆ ಅದರ ಅರ್ಥ ಸ್ಪಷ್ಟವಾಗಿತ್ತು. ಫೋಟೊ ತೆಗೆದ ದಿನ ಸೊನ್ನೆ ಇರಲಿಲ್ಲ, ಆಮೇಲೆ ಮಂಡಳಿಯವರು ಕೂತು ಬರೆದಿದ್ದಾರೆ. ಬಕ್ಕೇಶಪ್ಪನವರು ಅವಮಾನದಿಂದ ಕೆಂಪಾದರು. ಮತ್ತೆ ಫೋಟೊ ನೋಡಿದಾಗ ಅವರಿಗೆ ಇನ್ನೊಂದು ಕಂಡಿತು. ನಡುವಿನ ಐದಾರು ಸಾಲು ಉಳಿದವಕ್ಕಿಂತ ಕಪ್ಪಾಗಿದ್ದವು, ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂದರೆ ಆ ಸಾಲುಗಳನ್ನು ಬೇರೆ ಶಾಯಿಯಲ್ಲಿ, ಬೇರೆ ಕೈಯಿಂದ, ಪರೀಕ್ಷೆ ಮುಗಿದ ಮೇಲೆ ಸೇರಿಸಲಾಗಿದೆ ಎಂದು ಅವರು ವಾದಿಸಿದರು. ಆದರೆ ಪತ್ರಿಕೆ ಇದ್ದದ್ದು ಅವರದೇ ಬೀರುವಿನಲ್ಲಿ, ಬೀಗದ ಕೈ ಅವರದೇ ಉಡಿದಾರದಲ್ಲಿ.

ಎರಡನೆಯ ವಿಚಾರಣೆಯಲ್ಲಿ ಪಂಚಾಕ್ಷರಪ್ಪನವರು ಉತ್ತರವನ್ನು ಗಟ್ಟಿಯಾಗಿ ಓದಿಸಿದರು. ಬಕ್ಕೇಶಪ್ಪನವರ ಪ್ರತಿಯಲ್ಲಿ, ಗಾಳಿಯಲ್ಲಿ ತೇವ ಕಡಿಮೆಯಾದರೆ ನೂಲು ಕಡಿಯುತ್ತದೆ ಎಂದಿತ್ತು. ಹನುಮಂತಪ್ಪನ ಪ್ರತಿಯಲ್ಲಿ ನೂಲು ಕುಡಿಯುತ್ತದೆ ಎಂದಿತ್ತು. ತೀರ್ಪುಗಾರರ ಪ್ರತಿಯಲ್ಲಿ ಆ ಅಕ್ಷರ ಎರಡಕ್ಕೂ ಸಲ್ಲುವ ಹಾಗೆ ಇತ್ತು. ಒಂದೇ ನೆಗೆಟಿವ್‌ನಿಂದ ಬಂದ ಮೂರು ಫೋಟೊ ಮೂರು ಮಾತು ಹೇಳುವುದು ಹೇಗೆ? ಪ್ರತಿಯೊಬ್ಬರೂ ಇನ್ನೊಬ್ಬರ ಪ್ರತಿಯನ್ನು ಅನುಮಾನದಿಂದ ನೋಡಿದರು. ಪಂಚಾಕ್ಷರಪ್ಪನವರು ತಮ್ಮದನ್ನೇ ಅನುಮಾನದಿಂದ ನೋಡಿಕೊಂಡರು. ಕೊನೆಗೆ ಅವರು ನೂಲು ಕುಡಿಯುವುದುಂಟೇ ಎಂದು ಹನುಮಂತಪ್ಪನನ್ನು ಕೇಳಿದರು.

ಹನುಮಂತಪ್ಪ ನಿಧಾನಕ್ಕೆ ಹೇಳಿದ. "ಕುಡೀತೈತ್ರಿ. ಹತ್ತಿ ನೂಲು ಗಾಳ್ಯಾಗಿನ ನೀರು ಕುಡೀತೈತೆ. ಕುಡೀದಿದ್ರೆ ಕಡೀತೈತೆ. ಎರಡೂ ಖರೇನೇ. ಆದ್ರೆ ನಾ ಬರೆದಿದ್ದು ಯಾವುದು ಅಂತ ನೆನಪಿಲ್ಲರಿ."

ಬೆಂಗಳೂರಿನಿಂದ ಒಬ್ಬ ಬರಹ ತಜ್ಞರ ಅಭಿಪ್ರಾಯ ತರಿಸುವುದೆಂದು ತೀರ್ಮಾನವಾಯಿತು. ಸರ್ಕಾರಿ ಪ್ರಯೋಗಾಲಯದಿಂದ ನಿವೃತ್ತರಾದವರು, ಸಣ್ಣ ಮೈಕಟ್ಟಿನ, ಕಡಿಮೆ ಮಾತಿನ ಮನುಷ್ಯ. ಮೂರೂ ಪ್ರತಿಗಳನ್ನು ಅವರಿಗೆ ಅಂಚೆಯಲ್ಲಿ ಕಳಿಸಿದರು. ಒಂದು ತಿಂಗಳ ಮೇಲೆ ನಾಲ್ಕು ಪುಟದ ವರದಿ ಬಂತು. ವಿವಾದಿತ ಸಾಲುಗಳಲ್ಲಿ ಗೆರೆ ನಡುನಡುವೆ ನಿಂತು ಮತ್ತೆ ಹೊರಟಿದೆ, ಒತ್ತಡ ಸಮನಾಗಿಲ್ಲ, ಅಕ್ಷರಗಳ ಮೇಲೆ ಅಕ್ಷರ ತಿದ್ದಲಾಗಿದೆ, ಬಳಸಿರುವುದು ಲೇಖನಿಯಲ್ಲ, ಕೂದಲಿನ ಬ್ರಷ್. ಕೊನೆಯ ಪುಟದಲ್ಲಿ, ಇದು ಫೋಟೊಗಳನ್ನು ಕುರಿತ ಅಭಿಪ್ರಾಯ ಮಾತ್ರ, ಸಾದಾ ಫೋಟೊ ನೋಡಿ ಶಾಯಿ ಯಾವುದು, ಕಾಗದದಲ್ಲಿ ಒತ್ತು ಎಷ್ಟು ಇಳಿದಿದೆ ಎಂದು ಹೇಳಲಾಗದು, ಮೂಲ ಪತ್ರಿಕೆ ನೋಡಲೇಬೇಕು ಎಂದು ಬರೆದಿದ್ದರು. ಆದರೆ ವರದಿಯ ಮೂರನೆಯ ಪುಟದಲ್ಲಿ ಬ್ರಷ್ ಎಂಬ ಮಾತು ಬಂದ ಕೂಡಲೇ ಪಡಸಾಲೆಯಲ್ಲಿ ಯಾರೂ ನಾಲ್ಕನೆಯದಕ್ಕೆ ಹೋಗಲಿಲ್ಲ.

ಮೂರನೆಯ ವಿಚಾರಣೆ ಪೂರ್ತಿ ಬ್ರಷ್ಷಿನ ಮೇಲೆ ನಡೆಯಿತು. ಪರೀಕ್ಷಾ ಕೊಠಡಿಗೆ ಬ್ರಷ್ ತಂದಿದ್ದೆಯಾ ಎಂದು ಪಂಚಾಕ್ಷರಪ್ಪನವರು ಹನುಮಂತಪ್ಪನನ್ನು ಕೇಳಿ ಉತ್ತರ ಬರೆದುಕೊಂಡರು. ಮನೆಯಲ್ಲಿ ಬ್ರಷ್ ಇದೆಯಾ ಎಂದು ಕೇಳಿದರು. ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಬ್ರಷ್ ಇದೆ ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅದನ್ನು ಮುಂದಿನ ವಿಚಾರಣೆಗೆ ಹಾಜರುಪಡಿಸಲು ಆದೇಶವಾಯಿತು. ಪರೀಕ್ಷೆಯ ದಿನ ಕಾವಲಿದ್ದ ಕೊಠಡಿ ಮೇಲ್ವಿಚಾರಕರನ್ನು ಕರೆಸಿದರು. ಅವರು ಮೂರು ಗಂಟೆಯಲ್ಲಿ ಯಾವ ಅಭ್ಯರ್ಥಿಯೂ ಬ್ರಷ್ ಬಳಸಿದ್ದನ್ನು ತಾವು ಕಂಡಿಲ್ಲ, ಬಳಸಬಾರದೆಂಬ ನಿಯಮವೂ ಇಲ್ಲ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿದರು.

ಫೋಟೊ ತೆಗೆದವನೆಂದು ಮುನಾಫ್‌ನನ್ನೂ ಆ ದಿನ ಕರೆಸಿದ್ದರು. ಅವನು ಎಲ್ಲ ಕೇಳಿಸಿಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಆನೆಕೊಂಡಕ್ಕೆ ಬಂದ. ಊಟ ಮಾಡುವಾಗ ಅಕ್ಕನಿಗೆ ನಡೆದದ್ದು ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕೈ ನಿಧಾನವಾಯಿತು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅವನು ಅನ್ನದ ತಟ್ಟೆಯನ್ನೇ ನೋಡುತ್ತಾ, ಸುಮ್ಮನಿದ್ದುಬಿಡೋಣ, ವಕೀಲರ ಕೆಲಸದಲ್ಲಿ ಕೈಯಾಡಿಸಿದ್ದೇವೆಂದು ತಿಳಿದರೆ ಸ್ಟುಡಿಯೊಗೆ ಯಾರು ಬರುತ್ತಾರೆ, ನಿನ್ನ ಹೆಸರು ಎಲ್ಲಿಯೂ ಬಂದಿಲ್ಲ ಎಂದ.

ಗುಲ್ಷನ್‌ಗೆ ಎರಡು ದಿನ ಕೆಲಸ ಮಾಡಲಾಗಲಿಲ್ಲ. ಹನುಮಂತಪ್ಪ ಎತ್ತಿನ ಬ್ರಷ್ ಹಿಡಿದುಕೊಂಡು ವಕೀಲರ ಮನೆಗೆ ಹೋಗುವುದನ್ನು ನೆನೆದರೆ ಅವಳಿಗೆ ಸಂಕಟವಾಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೈ ಎಲ್ಲಿ ಬಿದ್ದಿದೆ ಎಂದು ಒಬ್ಬರೂ ಕಂಡುಹಿಡಿದಿರಲಿಲ್ಲ. ಈಗ ಬೆಂಗಳೂರಿನ ಯಾರೋ ಒಬ್ಬರು, ಕಾಣದವರು, ಅಂಚೆಯಲ್ಲಿ ನೋಡಿ, ಒತ್ತಡ ಸಮನಾಗಿಲ್ಲ ಎಂದು ಬರೆದಿದ್ದರು. ಎಲ್ಲಿ ಸಮನಾಗಿಲ್ಲ? ಯಾವ ಅಕ್ಷರದಲ್ಲಿ? ಮೂರನೆಯ ದಿನ ಅವಳು ತಮ್ಮನಿಗೆ ಮುಂದಿನ ವಿಚಾರಣೆ ಯಾವತ್ತು ಎಂದು ಕೇಳಿದಳು.

ಆ ದಿನ ತಜ್ಞರೂ ಬೆಳಗಿನ ರೈಲಿಗೆ ಬಂದಿದ್ದರು. ಪಂಚಾಕ್ಷರಪ್ಪನವರ ಮೇಜಿನ ಮೇಲೆ ಫೋಟೊಗಳ ಪಕ್ಕದಲ್ಲಿ, ಚೀಟಿ ಅಂಟಿಸಿದ, ಹಳದಿ ಬಣ್ಣ ಮೆತ್ತಿದ ಬ್ರಷ್ ಇತ್ತು. ಅದರ ಅಗಲ ಎರಡು ಬೆರಳು. ತಜ್ಞರು ಅದನ್ನು ನೋಡಿ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಮುನಾಫ್ ಹಿಂದೆ ಬುರ್ಖಾ ಧರಿಸಿ ಬಂದ ಗುಲ್ಷನ್ ಮುಖದ ಮೇಲಿನ ಪರದೆ ಎತ್ತಿ ಬಾಗಿಲಲ್ಲಿ ನಿಂತಳು.

ಪಂಚಾಕ್ಷರಪ್ಪನವರು ಎದ್ದು, "ಒಳಗೆ ಬರ್ರಿ ತಾಯಿ, ಕೂಡ್ರಿ. ಯಾರು ನೀವು?" ಎಂದರು.

"ಫೋಟೊದಾಗಿನ ಬ್ರಷ್ ನಂದು ಸಾಹೇಬ್ರೆ," ಎಂದಳು ಗುಲ್ಷನ್. "ಆ ಬ್ರಷ್ ಅಲ್ಲ. ಇದು." ಕೈಚೀಲದಿಂದ ಕಡ್ಡಿಯಷ್ಟು ಸಣ್ಣ ಬ್ರಷ್ ತೆಗೆದು ಮೇಜಿನ ಮೇಲಿಟ್ಟಳು.

ಆಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ಮಸುಕಾದ ಅಕ್ಷರ ಎದ್ದು ಕಾಣಲಿ ಎಂದು ಕಪ್ಪು ಮಾಡಿದ್ದು, ಮೂರು ಪ್ರತಿಯಲ್ಲಿ ಮೂರು ಥರ ಬಂದಿರಬಹುದಾದ್ದು, ಅಂಚಿನ ಉಂಗುರವನ್ನು ಕಲೆ ಎಂದು ತಿಳಿದು ಪೆನ್ಸಿಲ್ಲಿನಿಂದ ಮುಚ್ಚಿದ್ದು. ಬಕ್ಕೇಶಪ್ಪನವರು ತಮ್ಮ ಸೊನ್ನೆ ಸಿಕ್ಕಿತೆಂದು ಉಸಿರುಬಿಟ್ಟರು. ಹನುಮಂತಪ್ಪ ತನ್ನ ವಾದ ಬಿದ್ದುಹೋಯಿತೆಂದು ನೆಲ ನೋಡಿದ. ಗುಲ್ಷನ್ ಇಬ್ಬರನ್ನೂ ನೋಡಲಿಲ್ಲ. ತಜ್ಞರ ಕಡೆ ತಿರುಗಿ, ಒತ್ತಡ ಎಲ್ಲಿ ಹೆಚ್ಚು ಕಡಿಮೆಯಾಗಿದೆ ತೋರಿಸಿ ಎಂದು ಕೇಳಿದಳು. ತಜ್ಞರು ತಮ್ಮ ಭೂತಗನ್ನಡಿ ಕೊಟ್ಟು ತೋರಿಸಿದರು. ಫೋಟೊದ ಅಕ್ಷರವನ್ನು ದೊಡ್ಡದು ಮಾಡಿ ನೋಡಿದರೆ ಮರಳಿನಂತೆ ಕಣಕಣವಾಗುತ್ತದೆ, ಬ್ರಷ್ಷಿನ ಗೆರೆ ಆಗುವುದಿಲ್ಲ. ಬೆಳಕಿಗೆ ಓರೆ ಮಾಡಿ ಹಿಡಿದರೆ ಬಣ್ಣ ಬಿದ್ದ ಕಡೆ ಹೊಳಪು ಬೇರೆ. ಅವಳು ಬಹಳ ಹೊತ್ತು ನೋಡಿ, ಮೂರನೆಯ ಸಾಲಿನಲ್ಲಿ ಬಣ್ಣಕ್ಕೆ ಗೋಂದು ಹೆಚ್ಚಾಗಿದೆ, ಅದು ತನ್ನದೇ ತಪ್ಪು ಎಂದು ಒಪ್ಪಿಕೊಂಡಳು. ಆ ಒಂದು ಸಾಲು ಬಿಟ್ಟರೆ ಉಳಿದದ್ದನ್ನು ಹಿಡಿಯಲು ತಮಗೆ ಒಂದು ವಾರ ಬೇಕಾಯಿತೆಂದು ತಜ್ಞರು ಹೇಳಿದರು. ಅವಳ ಮನಸ್ಸು ಸ್ವಲ್ಪ ಹಗುರವಾಯಿತು.

ಆಗ ತಜ್ಞರೇ ತಮ್ಮ ವರದಿಯ ನಾಲ್ಕನೆಯ ಪುಟ ತೆರೆದು ಪಂಚಾಕ್ಷರಪ್ಪನವರ ಮುಂದಿಟ್ಟರು. ಪಂಚಾಕ್ಷರಪ್ಪನವರಿಗೆ ಇಕ್ಕಟ್ಟಾಯಿತು. ಫೋಟೊಗಳೇ ದಾಖಲೆ ಎಂದು ಆದೇಶ ಮಾಡಿದವರು ತಾವೇ. ಈಗ ಮೂಲಪತ್ರಿಕೆ ನೋಡಿದರೆ ಆದೇಶ ಮುರಿದ ಹಾಗೆ. ಅವರು, ಉತ್ತರಪತ್ರಿಕೆಯನ್ನು ನೋಡುವ ಸಲುವಾಗಿ ಅಲ್ಲ, ಫೋಟೊಗಳು ಸರಿಯಾಗಿವೆಯೇ ಎಂದು ತಾಳೆ ನೋಡುವ ಸಲುವಾಗಿ ಸ್ಥಳ ಪರಿಶೀಲನೆ ಎಂದು ಬರೆಸಿದರು. ತಕರಾರು ಶುರುವಾದ ನಾಲ್ಕು ತಿಂಗಳಿಗೆ, ಅದೇ ದಿನ, ಎಲ್ಲರೂ ಹರಿಹರದ ಬಸ್ಸು ಹತ್ತಿದರು.

ಮಂಡಳಿಯ ಕಚೇರಿಯಲ್ಲಿ ಬಕ್ಕೇಶಪ್ಪನವರು ಬೀಗ ತೆಗೆದು ಪತ್ರಿಕೆಯನ್ನು ಕಿಟಕಿಯ ಬಳಿಯ ಮೇಜಿನ ಮೇಲಿಟ್ಟರು. ಹನುಮಂತಪ್ಪ ತನ್ನ ಬರವಣಿಗೆಯನ್ನು ಗುರುತಿಸಿ, ತಾನು ಬರೆದದ್ದು ಕಡಿಯುತ್ತದೆ ಎಂದೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡ. ಮಸುಕಾದ ಸಾಲುಗಳು ಫೋಟೊದಲ್ಲಿದ್ದ ಹಾಗೆ ಕಪ್ಪಾಗಿರಲಿಲ್ಲ. ತಿಳಿನೀಲಿ ಶಾಯಿ ತೆಳುವಾಗುತ್ತಾ ಹೋಗಿ, ಒಂದು ಸಾಲಿನ ನಡುವೆ ಕಡುನೀಲಿಗೆ ತಿರುಗಿತ್ತು. ಶಾಯಿ ಎರಡು ಇದ್ದದ್ದು ನಿಜವೇ. ಬಕ್ಕೇಶಪ್ಪನವರು ಅದನ್ನು ಬೆರಳಿಟ್ಟು ತೋರಿಸಿದರು. ಹನುಮಂತಪ್ಪನಿಗೆ ಆಗ ನೆನಪಾಯಿತು. ಪೆನ್ನು ಒಣಗಿತ್ತು. ಪಕ್ಕದವನು ತನ್ನ ಪೆನ್ನಿನಿಂದ ಬೆಂಚಿನ ಮೇಲೆ ನಾಲ್ಕು ಹನಿ ಉದುರಿಸಿ ಕೊಟ್ಟಿದ್ದ, ಇವನು ಅದನ್ನು ನಿಬ್ಬಿನಿಂದ ಎಳೆದುಕೊಂಡಿದ್ದ.

ತಜ್ಞರು ಕಿಟಕಿ ಮುಚ್ಚಿಸಿ, ಟಾರ್ಚನ್ನು ಕಾಗದದ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರು. ನೇಗಿಲು ಹೊಡೆದ ಹೊಲದಂತೆ ಗೆರೆಗಳು ಎದ್ದವು. ಹನುಮಂತಪ್ಪನ ಕೈ ಭಾರ. ಶಾಯಿ ಮಸುಕಾದ ಕಡೆಯೂ ನಿಬ್ಬಿನ ತೋಡು ಅಷ್ಟೇ ಆಳವಾಗಿತ್ತು, ಕಡುನೀಲಿಯ ಕಡೆಯೂ ಅಷ್ಟೇ. ನಿಬ್ಬಿನ ಒಂದು ಕಾಲು ಸ್ವಲ್ಪ ಸೊಟ್ಟಗಿದ್ದು, ಪ್ರತಿ ಗೆರೆಯ ಎಡಕ್ಕೆ ಒಂದು ಸಣ್ಣ ಗೀರು ಬಿಟ್ಟಿತ್ತು. ಅದು ಎರಡೂ ಶಾಯಿಯಲ್ಲಿ ಇತ್ತು. ಆಮೇಲೆ ಅವರು ಹನ್ನೊಂದನೆಯ ಪುಟ ತಿರುಗಿಸಿದರು. ಅಲ್ಲಿ ಶುರುವಾಗಿದ್ದ ಆರನೆಯ ಉತ್ತರವೂ ಅದೇ ಕಡುನೀಲಿಯಲ್ಲಿತ್ತು, ಅದರ ಮೇಲೆ ಮೌಲ್ಯಮಾಪಕರ ಕೆಂಪು ಗೆರೆ ಹಾಯ್ದಿತ್ತು. ಮೌಲ್ಯಮಾಪನದ ದಿನವೇ ಆ ಶಾಯಿ ಪುಟದ ಮೇಲಿತ್ತೆಂದ ಮೇಲೆ, ಆಮೇಲೆ ಸೇರಿಸಿದ್ದು ಎಂಬ ಮಾತು ನಿಲ್ಲುವುದಿಲ್ಲ ಎಂದು ಅವರು ಹೇಳಿದರು. ಬಕ್ಕೇಶಪ್ಪನವರು ಆ ಮಾತು ಬಿಟ್ಟುಕೊಟ್ಟರು. ಆದರೆ ಸೊನ್ನೆ ಅಂಚಿನಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತು. ಉತ್ತರ ಹನುಮಂತಪ್ಪನದೇ, ಅದಕ್ಕೆ ಬಂದದ್ದು ಸೊನ್ನೆ. ಅಲ್ಲಿಗೆ ತಕರಾರು ಮುಗಿಯಿತು ಎಂದು ಅವರು ಪತ್ರಿಕೆಯನ್ನು ಮಡಚಲು ಹೋದರು.

ಗುಲ್ಷನ್ ತಡೆದಳು. ಅವಳಿಗೆ ಬೆಳಗಿನಿಂದ ಒಂದು ಮಾತು ಕೊರೆಯುತ್ತಿತ್ತು. ಇಷ್ಟು ವರ್ಷದಲ್ಲಿ ಕಲೆ ಯಾವುದು, ಮುಖ ಯಾವುದು ಎಂಬುದರಲ್ಲಿ ಅವಳು ತಪ್ಪಿರಲಿಲ್ಲ. ಹುಟ್ಟುಮಚ್ಚೆಯನ್ನು ಯಾವತ್ತೂ ಅಳಿಸಿದವಳಲ್ಲ. ಈ ಉಂಗುರವನ್ನು ನೋಡಿದ ಕೂಡಲೇ ಕಲೆ ಎಂದು ತನಗೆ ಯಾಕೆ ಅನ್ನಿಸಿತು? ಕೆಲಸಕ್ಕೆ ಬಳಸುವ ತನ್ನ ಭೂತಗನ್ನಡಿಯನ್ನು ಕೈಚೀಲದಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು ಉಂಗುರದ ಮೇಲೆ ಬಾಗಿದಳು. ಮೌಲ್ಯಮಾಪಕರು ಬೇರೆ ಪುಟಗಳಲ್ಲಿ ಬರೆದ ಅಂಕೆಗಳನ್ನು ನೋಡಿದಳು, ಇನ್ನೊಂದು ಉತ್ತರದ ಒಂದು ಭಾಗಕ್ಕೆ ಕೊಟ್ಟಿದ್ದ ಸೊನ್ನೆಯನ್ನು ನೋಡಿದಳು, ಮತ್ತೆ ಉಂಗುರಕ್ಕೆ ಬಂದಳು.

"ಇದನ್ನ ಯಾರೂ ಬರೆದಿಲ್ಲ," ಎಂದಳು. "ಕೈಯಿಂದ ಬರೆದ ಸೊನ್ನಿಗೆ ಶುರು ಅಂತ ಒಂದು ಐತೆ, ಮುಗಿಯೋದು ಅಂತ ಒಂದು ಐತೆ. ಒಂದು ಕಡೆ ಒತ್ತು ಜಾಸ್ತಿ, ಒಂದು ಕಡೆ ಕಮ್ಮಿ. ಎಂಥಾ ಕೈ ಆದ್ರೂ ಹಂಗೇ. ಇದ್ರಾಗೆ ಸುತ್ತಾ ಒಂದೇ ಸಮ ಐತೆ. ಇದು ಏನೋ ಇಟ್ಟು ಎತ್ತಿದ ಗುರ್ತು."

ತಜ್ಞರು ಟಾರ್ಚನ್ನು ಮತ್ತೆ ಓರೆಗೆ ಹಿಡಿದರು. ಉಂಗುರದ ಕೆಳಗೆ ಕಾಗದ ಸಪಾಟಾಗಿತ್ತು, ನಿಬ್ಬು ಓಡಿದ ತೋಡು ಇರಲಿಲ್ಲ. ಪುಟದ ಬೆನ್ನಲ್ಲೂ ಉಬ್ಬು ಇರಲಿಲ್ಲ. ಆ ಇನ್ನೊಂದು ಸೊನ್ನೆಗೆ ಮೇಲೆ ಬಾಲವಿತ್ತು, ಅದರ ಬೆನ್ನು ಬೆರಳಿಗೆ ತಾಕುತ್ತಿತ್ತು. ಬಕ್ಕೇಶಪ್ಪನವರು ಹೋಗಿ ಮೌಲ್ಯಮಾಪಕರಿಗೆ ಮಂಡಳಿಯಿಂದ ಕೊಡುವ ಕೆಂಪು ಪೆನ್ನುಗಳ ಡಬ್ಬಿ ತಂದರು. ಒಂದರ ಟೋಪಿ ತೆಗೆದು ಉಂಗುರದ ಮೇಲೆ ಬಾಯಿ ಕೆಳಗಾಗಿ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಮೌಲ್ಯಮಾಪಕರು ಆ ಪುಟ ತೆರೆದು, ಶಾಯಿ ಮೆತ್ತಿದ ಪೆನ್ನಿನ ಟೋಪಿಯನ್ನು ಅದರ ಮೇಲಿಟ್ಟು, ಯಾವುದಕ್ಕೋ ಎದ್ದುಹೋಗಿ, ಬಂದು ಮುಂದಿನ ಉತ್ತರ ಶುರುಮಾಡಿದ್ದರು. ಐದನೆಯ ಉತ್ತರವನ್ನು ಯಾರೂ ಓದಿರಲೇ ಇಲ್ಲ. ಮಂಡಳಿ ನಾಲ್ಕು ತಿಂಗಳಿಂದ ಒಂದು ಟೋಪಿಯ ಪರವಾಗಿ ವಾದ ಮಾಡುತ್ತಿತ್ತು.

ಪಂಚಾಕ್ಷರಪ್ಪನವರು ಅಲ್ಲಿಯೇ ಕೂತು, ಉತ್ತರವನ್ನು ಬೇರೆ ಮೌಲ್ಯಮಾಪಕರಿಂದ ಓದಿಸತಕ್ಕದ್ದು ಎಂದು ಬರೆದರು. ಬಸ್ ನಿಲ್ದಾಣದ ಕಡೆ ನಡೆಯುವಾಗ ಹನುಮಂತಪ್ಪ ಗುಲ್ಷನ್‌ಳ ಜೊತೆಯಾಗಿ, ಒಂದು ಮಾತು ಕೇಳಲೋ ಬೇಡವೋ ಎಂದು ಬಹಳ ದೂರ ಅನುಮಾನಿಸಿ ಕೊನೆಗೆ ಕೇಳಿದ.

"ಅಕ್ಕಾ, ಅಷ್ಟೂ ಅಕ್ಷರ ತಿದ್ದಿದ್ರಲ್ಲ, ನಾ ಬರೆದಿದ್ದು ಹೆಂಗೈತ್ರಿ? ಮಾರ್ಕ್ಸ್ ಬರಬೌದಾ?"

ಓದಲಿಲ್ಲವೆಂದು ಹೇಳಲು ಅವಳಿಗೆ ನಾಚಿಕೆಯಾಯಿತು. ಚೆನ್ನಾಗಿದೆ ಎಂದಳು.

ಅವನಿಗೆ ಆರು ಅಂಕ ಬಂತು. ಮೂವತ್ತೇಳು ನಲವತ್ತಮೂರಾಯಿತು. ಮುಂದಿನ ಯುಗಾದಿಯ ಹೊತ್ತಿಗೆ ಅವನು ಮೇಲ್ವಿಚಾರಕನಾದ. ಎತ್ತಿನ ಬ್ರಷ್ ಮಾತ್ರ ವಾಪಸು ಬರಲಿಲ್ಲ, ಅದು ಕಡತದಲ್ಲಿ ಸೇರಿಹೋಗಿತ್ತು.

ಆದರೆ ಗುಲ್ಷನ್‌ಗೆ ಅಲ್ಲಿಗೆ ಮುಗಿಯಲಿಲ್ಲ. ತೀರ್ಪು ಬಂದು ಹದಿನೈದು ದಿನಕ್ಕೆ ಪಂಚಾಕ್ಷರಪ್ಪನವರಿಂದ ಒಂದು ಪತ್ರ ಬಂತು. ಕಡತದಲ್ಲಿರುವ ಫೋಟೊಗಳು ತಿದ್ದಿದ ಫೋಟೊಗಳಾದ್ದರಿಂದ, ತಿದ್ದದ ಫೋಟೊಗಳನ್ನು ಹಾಜರುಪಡಿಸಿದ ಹೊರತು ಕಡತ ಮುಚ್ಚಲು ಬರುವುದಿಲ್ಲ. ಹರಿಹರಕ್ಕೆ ಮತ್ತೆ ಹೋಗಬೇಕಾಗಿಲ್ಲ, ನೆಗೆಟಿವ್ ಮೇಲಿನ ಪೆನ್ಸಿಲ್ ಒರೆಸಿದರೆ ಸಾಕು ಎಂದು ಮುನಾಫ್ ಹೇಳಿದ. ಇಷ್ಟು ವರ್ಷದಲ್ಲಿ ಅವಳು ಮಾಡಿದ ಕೆಲಸವನ್ನು ಅವಳೇ ಅಳಿಸಿದ್ದಿಲ್ಲ. ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಹತ್ತಿಯ ಉಂಡೆಗೆ ಟರ್ಪೆಂಟೈನ್ ಮುಟ್ಟಿಸಿ ನೆಗೆಟಿವ್ ಮೇಲೆ ಆಡಿಸಿದಳು. ವಾರ್ನಿಷ್ ಕರಗಿ, ಮುಕ್ಕಾಲು ಗಂಟೆಯ ಚುಕ್ಕೆಗಳೆಲ್ಲ ಹತ್ತಿಗೆ ಬೂದು ಬಣ್ಣವಾಗಿ ಬಂದವು. ಗಾಜಿನ ಮೇಲೆ ಉಂಗುರ ಮೆಲ್ಲಗೆ ತಿಳಿಯಾಯಿತು.

ಹೊಸ ಪ್ರಿಂಟ್‌ಗಳು ಬಂದವು. ಮಸುಕಾದ ಸಾಲು ಮಸುಕಾಗಿಯೇ ಇತ್ತು. ಅವಳು ಅವನ್ನು ಚಾಪೆಯ ಮೇಲೆ ಹರಡಿ, ಬ್ರಷ್ ಮುಟ್ಟದೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು. ಆಮೇಲೆ ಬೆರಳಿಟ್ಟು ಅಕ್ಷರ ಕೂಡಿಸುತ್ತಾ ಓದತೊಡಗಿದಳು. ಗಾಳಿಯಲ್ಲಿ ತೇವ ಕಡಿಮೆಯಾದರೆ, ಲಾಳಿಯ ತುದಿ ಸವೆದರೆ, ನೂಲಿಗೆ ಹಾಕುವ ಗಂಜಿ ಹದ ತಪ್ಪಿದರೆ ಎಂದು ಒಂದೂವರೆ ಪುಟ. ಮುಗಿಸಲು ಸಂಜೆಯಾಯಿತು. ಮುನಾಫ್ ಬಂದಾಗ, ಈ ಮನುಷ್ಯನಿಗೆ ಆರು ಕೊಟ್ಟದ್ದು ಕಡಿಮೆಯಾಯಿತು ಎಂದಳು.